ಮನೆಯಲ್ಲಿ ಹೇಳುವ ಮೊದಲು: ಬೇಳದ ಹುಡುಗಿ, ಪೆರ್ಲದ ಹುಡುಗ

ಮದುವೆಗೆ ಮೊದಲಿನ ಕೌನ್ಸೆಲಿಂಗ್ ಪಾಠದಲ್ಲಿ ನನಗೆ ಜಾಸ್ತಿ ಗೊಂದಲ ಆದ ಭಾಗ ಇದು. ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ. "ಅಪ್ಪ ಅಮ್ಮನನ್ನು ಒಪ್ಪಿಸೋದು ಹೇಗೆ?" ಅಂತ ಬೇರೆ ಬೇರೆ ಧರ್ಮದ ಜೋಡಿ ಬಂದು ಕೇಳುತ್ತದೆ. ಕೌನ್ಸೆಲಿಂಗ್ ಮಾಡುವ ನಾವೂ ಒಪ್ಪಿಸುವ ಮಾತು ಹುಡುಕಲು ಹೊರಡುತ್ತೇವೆ. ಅದಕ್ಕಿಂತ ಮೊದಲು ನೋಡಬೇಕಾದದ್ದು, ಮನೆಯವರು ಕೇಳುವ ಪ್ರಶ್ನೆಗೆ ಈ ಇಬ್ಬರಲ್ಲೂ ಒಂದೇ ಉತ್ತರ ಇದೆಯಾ ಅಂತ.

ಅಭ್ಯಾಸಕ್ಕೆ ಹೊಂದಿಸಿಕೊಂಡ ಒಂದು ಉದಾಹರಣೆ ನೋಡಿ. ಹುಡುಗಿ ಕಾಸರಗೋಡಿನ ಬೇಳದವಳು, ಕೊಂಕಣಿ ಮಾತಾಡುವ ಕ್ಯಾಥೊಲಿಕ್ ಮನೆ. ಹುಡುಗ ಪೆರ್ಲ ಕಡೆಯವನು, ತುಳು ಮಾತಾಡುವ ಬಿಲ್ಲವರ ಮನೆ. ಇಬ್ಬರೂ ಕನ್ನಡ ಮೀಡಿಯಂ, ಜಗಳ ಆಡುವುದೂ ಕನ್ನಡದಲ್ಲೇ. "ಎಲ್ಲಾ ಮಾತಾಡಿಕೊಂಡಿದ್ದೇವೆ" ಅನ್ನುತ್ತಾರೆ. ಸರಿ, ಬೇರೆ ಬೇರೆ ಕೂರಿಸಿ ಒಂದೊಂದು ಹಾಳೆ ಕೊಡಿ. ಮದುವೆ ಎಲ್ಲಿ, ಮಗುವಿನ ಧರ್ಮ ಯಾವುದು, ಹಬ್ಬಕ್ಕೆ ಯಾರು ಎಲ್ಲಿಗೆ? ಮೂರೇ ಪ್ರಶ್ನೆ. ಎರಡನೆಯದಕ್ಕೆ ಅವಳು "ಜ್ಞಾನಸ್ನಾನ ಕೊಡಿಸಬೇಕು" ಅಂತ ಬರೆದಿದ್ದಾಳೆ. ಅವನು "ದೊಡ್ಡದಾದ ಮೇಲೆ ಮಗುವೇ ಆರಿಸಲಿ" ಅಂತ ಬರೆದಿದ್ದಾನೆ. ಈ ಬಿರುಕು ಮನೆಯ ಜಗಲಿಯಲ್ಲಿ ಎಲ್ಲರೆದುರು ಕಾಣುವ ಬದಲು ಇಲ್ಲೇ ಕಂಡದ್ದು ಒಳ್ಳೆಯದಾಯಿತು.

ಇನ್ನು ಪ್ರಶ್ನೆಯ ಒಳಗಿನ ಪ್ರಶ್ನೆ. ಹುಡುಗಿಯ ಅಮ್ಮ ಮೊದಲು ಹೇಳುವುದು "ಜನ ಏನು ಹೇಳ್ತಾರೆ" ಅಂತ. ಒಳಗಿರುವ ಭಯ ಬೇರೆ: ಮಗಳಿಗೆ ಇನ್ನು ಚರ್ಚಿನ ಪೂಜೆಯಲ್ಲಿ ಕೊಡುವ ಪರಮಪ್ರಸಾದ ಸಿಗುತ್ತದಾ? ಇದು ಸುಮ್ನೆ ಹುಟ್ಟಿದ ಭಯ ಅಲ್ಲ. ಚರ್ಚಿನ ಅನುಮತಿ ಇಲ್ಲದೆ ರಿಜಿಸ್ಟರ್ ಮದುವೆ ಮಾತ್ರ ಆದರೆ ಕ್ಯಾಥೊಲಿಕ್ ಸಭೆ ಅದನ್ನು ಮದುವೆ ಅಂತ ಎಣಿಸುವುದಿಲ್ಲ, ಪ್ರಸಾದಕ್ಕೂ ತಡೆ ಬರುತ್ತದೆ. ಆದರೆ ಬಿಷಪರಿಂದ ವಿನಾಯಿತಿ ಪಡೆದು, ಹುಡುಗ ಹಿಂದೂ ಆಗಿಯೇ ಉಳಿದು, ಚರ್ಚಿನಲ್ಲಿ ಮದುವೆ ಆಗಬಹುದು. 1872ರ ಕ್ರಿಶ್ಚಿಯನ್ ಮದುವೆ ಕಾಯ್ದೆಗೂ ಇಬ್ಬರಲ್ಲಿ ಒಬ್ಬರು ಕ್ರಿಶ್ಚಿಯನ್ ಆಗಿದ್ದರೆ ಸಾಕು.

ವಿನಾಯಿತಿಗೆ ಒಂದು ಶರತ್ತಿದೆ. ಮಕ್ಕಳಿಗೆ ಜ್ಞಾನಸ್ನಾನ ಕೊಡಿಸಿ ಕ್ಯಾಥೊಲಿಕರಾಗಿ ಬೆಳೆಸಲು ನನ್ನಿಂದಾದದ್ದನ್ನೆಲ್ಲ ಮಾಡುತ್ತೇನೆ ಅಂತ ಹುಡುಗಿ ಮಾತು ಕೊಡಬೇಕು. ಹುಡುಗನಿಂದ ಸಭೆಯ ನಿಯಮ ಆ ಮಾತು ಕೇಳುವುದಿಲ್ಲ. ಆದರೆ ಅವಳು ಕೊಟ್ಟ ಮಾತು ಅವನಿಗೆ ತಿಳಿದಿರಬೇಕು. ಈಗ ಆ ಹಾಳೆಯನ್ನು ಮತ್ತೆ ನೋಡಿ. "ಮಗುವೇ ಆರಿಸಲಿ" ಅನ್ನುವವನ ಜೊತೆ ಅವಳು ಈ ಮಾತು ಕೊಡುವುದು ಹೇಗೆ? ಉತ್ತರ ಅವರೇ ಹುಡುಕಬೇಕು. ನಾವು ಆರಿಸಿಕೊಟ್ಟರೆ ಎರಡು ವರ್ಷದ ನಂತರ ಜಗಳಕ್ಕೆ ನಮ್ಮ ಹೆಸರು ಬರುತ್ತದೆ!

ಹುಡುಗನ ಅಮ್ಮನ ಭಯ ಇನ್ನೊಂದು ಕಡೆ. "ನಿನ್ನನ್ನು ಮತಾಂತರ ಮಾಡ್ತಾರಾ?" ಅಂತ ಒಮ್ಮೆ ಕೇಳಿ ಸುಮ್ಮನಾಗುತ್ತಾರೆ. ಮನಸ್ಸಲ್ಲಿರುವುದು ತಂಬಿಲ, ಅಂದರೆ ಮನೆಯ ದೈವಕ್ಕೆ ಮಾಡುವ ಸೇವೆ. ಸೊಸೆ ಆ ದಿನ ಮನೆಯಲ್ಲಿ ಇರುತ್ತಾಳಾ, ಪ್ರಸಾದ ತೆಗೆದುಕೊಳ್ಳುತ್ತಾಳಾ? ಇಲ್ಲಿ "ಅದೆಲ್ಲಾ ನಾವು ನೋಡ್ಕೊಳ್ತೇವೆ" ಅನ್ನುವ ಉತ್ತರ ಬಂದರೆ ಎಚ್ಚರ. ಇನ್ನೂ ಮಾತಾಡಿಲ್ಲ ಅಂತ ಅದರ ಅರ್ಥ. "ಬರ್ತಾಳೆ ಅಮ್ಮ, ಅಡುಗೆಗೂ ನಿಲ್ತಾಳೆ, ಕೈ ಮುಗಿಯೋದು ಅವಳಿಗೆ ಬಿಟ್ಟದ್ದು" ಅನ್ನುವುದು ಉತ್ತರ. ಅಮ್ಮನಿಗೆ ಇಷ್ಟ ಆಗದೇ ಇರಬಹುದು, ಆದರೆ ಹಿಡಿದುಕೊಳ್ಳಲು ಏನೋ ಒಂದು ಸಿಕ್ಕಿತು.

ಆಮೇಲೆ ಕುರ್ಚಿ ಅಭ್ಯಾಸ. ಹುಡುಗಿ ತನ್ನ ಅಮ್ಮನಾಗಿ ಕೂತು ಅಮ್ಮನ ಮಾತಲ್ಲೇ ಪ್ರಶ್ನೆ ಕೇಳಬೇಕು, ಹುಡುಗಿಯ ಜಾಗದಲ್ಲಿ ನಾವು ಕೂರಬೇಕು. ನನಗೆ ಮೊದಲು ಇದು ನಾಟಕ ಅನಿಸಿತ್ತು. ಅಮ್ಮನಾಗಿ ಕೂತವಳ ದನಿ ಗದ್ಗದವಾಗುವ ಜಾಗವನ್ನು ಗುರುತು ಹಾಕಿಕೊಳ್ಳಿ. ನಿಜವಾದ ಮಾತುಕತೆಯೂ ಅಲ್ಲೇ ನಿಲ್ಲುವ ಸಂಭವ ಜಾಸ್ತಿ. ಅವಳು ಮನೆಯಲ್ಲಿ ಹೇಳುವ ಮೊದಲ ದಿನ ಹುಡುಗ ಜೊತೆಗೆ ಹೋಗದಿರುವುದೇ ವಾಸಿ. ಅವನೆದುರು ಅಮ್ಮ ಅಳಲೂ ಆಗದು, ಬೈಯಲೂ ಆಗದು. ಆ ದಿನ ಒಪ್ಪಿಗೆ ಕೇಳಬಾರದು, ಸುದ್ದಿ ಹೇಳಿ "ಮುಂದಿನ ಭಾನುವಾರ ಮತ್ತೆ ಕೂರೋಣ" ಅಂದರೆ ಸಾಕು.

ದಿನದ ಲೆಕ್ಕವೂ ಇದೆ. ಎರಡನೇ ದಾರಿಯಾಗಿ 1954ರ ವಿಶೇಷ ವಿವಾಹ ಕಾಯ್ದೆಯ ರಿಜಿಸ್ಟರ್ ಮದುವೆಯನ್ನು ಇಟ್ಟುಕೊಂಡರೆ, ಇಬ್ಬರಲ್ಲಿ ಒಬ್ಬರಾದರೂ 30 ದಿನ ವಾಸವಿದ್ದ ಜಿಲ್ಲೆಯ ವಿವಾಹ ಅಧಿಕಾರಿಗೆ ಮದುವೆಯ ನೋಟಿಸ್ ಕೊಡಬೇಕು. ಅದನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಅಂಟಿಸುತ್ತಾರೆ. 30 ದಿನ ಕಳೆದ ಮೇಲೆ ಮದುವೆ, ನೋಟಿಸಿನ ಆಯುಷ್ಯ 3 ತಿಂಗಳು. ಪರಿಚಯದವರು ಯಾರಾದರೂ ಓದಿ ಫೋನ್ ಮಾಡಿದರೆ ಅಮ್ಮನಿಗೆ ಸುದ್ದಿ ಗೋಡೆಯಿಂದ ಹೋದ ಹಾಗೆ. ಹಾಗಾಗಿ ಮೊದಲು ಮನೆ, ಆಮೇಲೆ ನೋಟಿಸ್.

ಈ ಕ್ರಮಕ್ಕೆ ಒಂದು ಮಿತಿ ಇದೆ. ಮನೆಯಲ್ಲಿ ಹಿಂದೆ ಹೊಡೆತ ಬಿದ್ದಿದ್ದರೆ, ಫೋನ್ ಕಿತ್ತುಕೊಂಡಿದ್ದರೆ, ಅವಸರದಲ್ಲಿ ಬೇರೆ ಸಂಬಂಧ ನೋಡುತ್ತಿದ್ದರೆ, ಕುರ್ಚಿ ಅಭ್ಯಾಸ ನಿಲ್ಲಿಸಿ. ದಾಖಲೆಗಳು ಎಲ್ಲಿವೆ, ರಾತ್ರಿ ಎಲ್ಲಿಗೆ ಹೋಗುತ್ತಾಳೆ ಅಂತ ಕೇಳಿ. 2018ರಲ್ಲಿ ಶಕ್ತಿ ವಾಹಿನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಂಥ ಜೋಡಿಗಳಿಗೆ ಪೊಲೀಸ್ ರಕ್ಷಣೆ ಕೊಡಲು, ಜಿಲ್ಲೆಗಳಲ್ಲಿ ವಿಶೇಷ ಘಟಕ ಮಾಡಲು ಹೇಳಿದೆ. ಅಂಥ ಮನೆಗೆ ಅವಳನ್ನು ಒಬ್ಬಳೇ ಮಾತಾಡಲು ಕಳಿಸಬೇಡಿ.