ಗೋಲು ಬಿದ್ದರೆ ಪ್ಲೇಯರ್ ನಂಬರ್ ಅದಲುಬದಲು: ನಾಲ್ಕು ಕಂಟ್ರೋಲರ್, ಒಂದು ಹಬ್

ಹೋದ ದೀಪಾವಳಿಗೆ ತುಮಕೂರಿನ ಎಸ್.ಎಸ್. ಪುರಂನಲ್ಲಿರುವ ಚಿಕ್ಕಪ್ಪನ ಮನೆಯಲ್ಲಿ ನಾಲ್ಕು ಜನ ಸೇರಿದ್ದೆವು. ನಾನು, ನನ್ನ ತಮ್ಮ, ಚಿಕ್ಕಪ್ಪನ ಮಗ, ಮಗಳು. ಟೀವಿಗೆ ಲ್ಯಾಪ್‌ಟಾಪ್ ಹಾಕಿ ನಾಲ್ವರೂ ಒಂದೇ ಪರದೆ ಮೇಲೆ ಫುಟ್‌ಬಾಲ್ ಆಡೋದು ಅಂತ ಮಾತಾಗಿತ್ತು. ಕಂಟ್ರೋಲರ್ ನಾಲ್ಕಿದ್ದವು, ಎಲ್ಲವೂ ವೈರ್ ಇರುವಂಥವು. ಲ್ಯಾಪ್‌ಟಾಪ್‌ನಲ್ಲಿ ಯುಎಸ್‌ಬಿ ತೂತು ಇದ್ದದ್ದು ಎರಡು, ಅದರಲ್ಲೊಂದು ಸಡಿಲ. ಹಾಗಾಗಿ ಪೇಟೆಯಿಂದ ನಾಲ್ಕು ಪೋರ್ಟಿನ ಒಂದು ಹಬ್ ತಂದೆವು.

ಹಬ್‌ಗೆ ನಾಲ್ಕನ್ನೂ ಚುಚ್ಚಿದರೆ ಎರಡು ಮಾತ್ರ ಎದ್ದವು. ಅಂಗಡಿಗೆ ಹೋಗಿ ಬೇರೆ ಹಬ್ ತಂದೆವು. ಅದರಲ್ಲಿ ನಾಲ್ಕೂ ದೀಪ ಹತ್ತಿದವು. ಮೊದಲ ಗೋಲು ಬಿತ್ತು, ಎಲ್ಲರ ಕೈಯಲ್ಲೂ ಕಂಟ್ರೋಲರ್ ಗುರ್ ಅಂತ ಅದುರಿತು, ಅದುರುತ್ತಲೇ ನಾಲ್ಕೂ ಆರಿದವು. ಎರಡು ಸೆಕೆಂಡಿಗೆ ತಾವಾಗಿಯೇ ವಾಪಸ್ ಬಂದವು. ಆದರೆ ಈಗ ನನ್ನ ಆಟಗಾರನನ್ನು ತಂಗಿ ಓಡಿಸುತ್ತಿದ್ದಳು, ನಾನು ಅವಳ ಗೋಲ್‌ಕೀಪರ್ ಆಗಿದ್ದೆ. ‘ಅಣ್ಣ, ನೀನೇ ಬಿಟ್ಟುಕೊಟ್ಟೆ ಅಲ್ವಾ?’ ಅಂತ ಅವಳ ಜಗಳ ಬೇರೆ.

ಕರೆಂಟ್ ಸಾಲದ್ದು ಒಂದು ತೊಂದರೆ, ನಂಬರ್ ಅದಲುಬದಲಾಗೋದು ಇನ್ನೊಂದು ಅಂತ ಮೊದಲು ಅಂದುಕೊಂಡಿದ್ದೆ. ಕೆದಕಿ ನೋಡಿದ ಮೇಲೆ ಎರಡಕ್ಕೂ ನಂಟಿದೆ ಅಂತ ಗೊತ್ತಾಯಿತು. ಆ ನಂಟು ಶುರುವಾಗೋದು 1996ರಲ್ಲಿ.

ಅದಕ್ಕೂ ಮುಂಚೆ ಪ್ಲೇಯರ್ ಯಾರು ಅನ್ನೋ ಪ್ರಶ್ನೆಯೇ ಇರಲಿಲ್ಲ. ಜಪಾನಿನಲ್ಲಿ 1983ರಲ್ಲಿ ಬಂದ ಫ್ಯಾಮಿಕಾಮ್‌ನಲ್ಲಿ ಎರಡು ಕಂಟ್ರೋಲರ್‌ಗಳ ವೈರನ್ನು ಪೆಟ್ಟಿಗೆಗೇ ಸೇರಿಸಿಬಿಟ್ಟಿದ್ದರು. ಎರಡನೆಯದಕ್ಕೆ ಸ್ಟಾರ್ಟ್ ಬಟನ್ನೇ ಇರಲಿಲ್ಲ. ನಮ್ಮ ಕಡೆ ತೊಂಬತ್ತರ ದಶಕದಲ್ಲಿ ಮನೆಮನೆಗೆ ಬಂದ ‘ಟೀವಿ ಗೇಮ್’ಗಳು ಅದರದ್ದೇ ನಕಲು. ಸ್ಟಾರ್ಟ್ ಇರುವ ರಿಮೋಟು ದೊಡ್ಡವನ ಕೈಗೆ, ಇಲ್ಲದ್ದು ಚಿಕ್ಕವನ ಕೈಗೆ. ವಾದ ಮಾಡಲು ಜಾಗವೇ ಇಲ್ಲ. 1996ರಲ್ಲಿ ನಿಂಟೆಂಡೊ 64 ಬಂದಾಗ ಪೆಟ್ಟಿಗೆಯ ಮುಂಭಾಗದಲ್ಲೇ ಸಾಲಾಗಿ ನಾಲ್ಕು ತೂತು. ಮೂರನೇ ತೂತಿಗೆ ಚುಚ್ಚಿದವನು ಮೂರನೇ ಪ್ಲೇಯರ್. ಮಧ್ಯದಲ್ಲಿ ಕಿತ್ತು ಮತ್ತೆ ಚುಚ್ಚಿದರೂ ಅವನು ಮೂರನೆಯವನೇ.

ಅದೇ 1996ರ ಜನವರಿಯಲ್ಲಿ ಯುಎಸ್‌ಬಿಯ ಮೊದಲ ನಿಯಮಾವಳಿ ಹೊರಬಂತು. ಕೀಬೋರ್ಡ್, ಮೌಸ್, ಪ್ರಿಂಟರ್, ಯಾವುದನ್ನು ಬೇಕಾದರೂ ಯಾವ ತೂತಿಗೆ ಬೇಕಾದರೂ ಚುಚ್ಚು ಅನ್ನೋದೇ ಅದರ ಮುಖ್ಯ ಆಸೆ. ಕೀಬೋರ್ಡಿಗೆ ಅದು ವರ. ಆದರೆ ತೂತಿಗೆ ನಂಬರ್ ಇಲ್ಲ ಅಂದಮೇಲೆ ಮೂರನೇ ಪ್ಲೇಯರ್ ಯಾರು ಅಂತ ತೂತು ಹೇಳಲಾರದು. ಅದನ್ನು ಬೇರೆ ಯಾರೋ ತೀರ್ಮಾನಿಸಬೇಕು.

ಕರೆಂಟಿನ ಲೆಕ್ಕವೂ ಅದೇ ನಿಯಮಾವಳಿಯಲ್ಲಿದೆ. ಕಂಪ್ಯೂಟರಿನ ಒಂದು ಯುಎಸ್‌ಬಿ 2.0 ಪೋರ್ಟು ಕೊಡಬೇಕಾದದ್ದು 500 ಮಿಲಿಆಂಪ್. ಅದನ್ನು ನೂರು ನೂರರ ಐದು ಪಾಲು ಅಂತ ಎಣಿಸುತ್ತಾರೆ. ಸ್ವಂತ ಅಡಾಪ್ಟರ್ ಇಲ್ಲದ ಹಬ್ ಈ 500ರಲ್ಲೇ ಬದುಕಬೇಕು. ಒಂದು ಪಾಲು ತನ್ನ ಹೊಟ್ಟೆಗೆ, ಉಳಿದ ನಾಲ್ಕು ಪಾಲು ತನ್ನ ನಾಲ್ಕು ಪೋರ್ಟಿಗೆ. ಅಂದರೆ ಪೋರ್ಟಿಗೆ ಬರೀ 100. ಅಡಾಪ್ಟರ್ ಇಲ್ಲದ ಹಬ್‌ಗಳಿಗೆ ಸಾಮಾನ್ಯವಾಗಿ ನಾಲ್ಕೇ ಪೋರ್ಟ್ ಇರೋದು ಯಾಕೆ ಅನ್ನೋದಕ್ಕೂ ಈ ಭಾಗಾಕಾರದಲ್ಲೇ ಉತ್ತರವಿದೆ.

ಇನ್ನು ಕಂಟ್ರೋಲರ್ ಕಡೆ ಬನ್ನಿ. ಯುಎಸ್‌ಬಿ ಸಾಮಾನು ಚುಚ್ಚಿದ ಕೂಡಲೇ ‘ನನಗೆ ಹೆಚ್ಚೆಂದರೆ ಇಷ್ಟು ಬೇಕಾದೀತು’ ಅಂತ ಒಂದು ಸಂಖ್ಯೆ ಹೇಳುತ್ತದೆ. 2005ರಲ್ಲಿ ಬಂದ ಎಕ್ಸ್‌ಬಾಕ್ಸ್ 360ರ ವೈರ್ ಕಂಟ್ರೋಲರ್ ಹೇಳುವ ಸಂಖ್ಯೆ ಪೂರ್ತಿ 500. ಅಷ್ಟನ್ನೂ ಅದು ಸದಾ ಕುಡಿಯುವುದಿಲ್ಲ. ಮೋಟಾರು ಸುಮ್ನಿದ್ದಾಗ ಅದರ ಖರ್ಚು ಬಹಳ ಕಡಿಮೆ. ಆದರೆ ಕಂಪ್ಯೂಟರ್ ಲೆಕ್ಕ ಹಾಕೋದು ಹೇಳಿದ ಸಂಖ್ಯೆಯನ್ನು, ಕುಡಿದ ಕರೆಂಟನ್ನಲ್ಲ. ಮದುವೆ ಮನೆಯಲ್ಲಿ ಎಷ್ಟು ಜನ ಉಣ್ಣುತ್ತಾರೆ ಅಂತ ನೋಡದೆ, ಎಷ್ಟು ಜನ ಬರುತ್ತೇವೆ ಅಂದರೋ ಅಷ್ಟು ಎಲೆ ಹಾಕಿದ ಹಾಗೆ.

ನಮ್ಮ ಮೊದಲ ಹಬ್‌ನಲ್ಲಿ ಆದದ್ದು ಇದೇ. ವಿಂಡೋಸ್ ಏನೂ ಬಾಯಿ ಬಿಡಲಿಲ್ಲ. ಅದೇ ಹಬ್ಬನ್ನು ಲಿನಕ್ಸ್ ಇರುವ ನನ್ನ ಹಳೇ ಲ್ಯಾಪ್‌ಟಾಪಿಗೆ ಹಾಕಿ `dmesg` ಕೊಟ್ಟಾಗ ಕಾರಣ ನೇರವಾಗಿ ಕಾಣಿಸಿತು:

```
usb 1-2.3: rejected 1 configuration due to insufficient available bus power
usb 1-2.3: no configuration chosen from 1 choice
```

ಹಬ್‌ನ ಮೂರನೇ ಪೋರ್ಟಿನಲ್ಲಿರುವುದು ಕೇಳಿದಷ್ಟು ಕರೆಂಟ್ ಇಲ್ಲ, ಅದಕ್ಕೇ ಅದನ್ನು ಒಳಗೆ ಬಿಡಲಿಲ್ಲ ಅಂತ ಅರ್ಥ. ನಮ್ಮ ನಾಲ್ಕರಲ್ಲಿ ಎರಡು 360 ಮಾದರಿಯವು, ಅವೆರಡೂ ಹೊರಗೆ. ಇನ್ನೆರಡು ಅಗ್ಗದ ಗೇಮ್‌ಪ್ಯಾಡ್, 100ಕ್ಕೇ ತೃಪ್ತಿ ಪಟ್ಟು ಒಳಗೆ. ಒಂದು ತಮಾಷೆಯೂ ಆಯಿತು. ಆ ಅಗ್ಗದ ಪ್ಯಾಡಿನ ನಡುವಿನ ಬಟನ್ ಒತ್ತಿ ಹಿಡಿದರೆ ಅದು ಎಕ್ಸ್‌ಬಾಕ್ಸ್ ವೇಷ ಹಾಕುತ್ತದೆ, ಆ ವೇಷವಿಲ್ಲದೆ ನಮ್ಮ ಗೇಮ್‌ಗೆ ಅದು ಕಾಣುವುದೇ ಇಲ್ಲ. ವೇಷ ಹಾಕಿದ ತಕ್ಷಣ ಅದೂ ಹೊರಗೆ ಬಿತ್ತು. ನಕಲು ಮಾಡಿದವರು 500 ಅನ್ನೋ ಸಂಖ್ಯೆಯನ್ನೂ ಬಿಡದೆ ನಕಲು ಮಾಡಿದ್ದರು!

ಹಾಗಾದರೆ ಎರಡನೇ ಹಬ್‌ನಲ್ಲಿ ನಾಲ್ಕೂ ಎದ್ದದ್ದು ಹೇಗೆ? ಅದು ಸುಳ್ಳು ಹೇಳುತ್ತಿತ್ತು. ವಿಂಡೋಸ್‌ನ Device Manager ತೆರೆದು, ಆ `Generic USB Hub` ಮೇಲೆ ಎರಡು ಸಲ ಒತ್ತಿ, `Power` ಅನ್ನೋ ಹಾಳೆ ನೋಡಿದರೆ `The hub is self-powered` ಅಂತ ಬರೆದಿತ್ತು. ಸ್ವಂತ ಅಡಾಪ್ಟರ್ ಇದೆ, ಪೋರ್ಟಿಗೆ 500 ಕೊಡಬಲ್ಲೆ ಅಂತ ಅದರ ಹೇಳಿಕೆ. ಹಬ್ಬನ್ನು ತಿರುಗಿಸಿ ನೋಡಿದರೆ ಅಡಾಪ್ಟರ್ ಚುಚ್ಚಲು ತೂತೇ ಇಲ್ಲ. ಇಂಥ ಸುಳ್ಳು ಹಬ್ ಅಗ್ಗದ ಮಾಲಿನಲ್ಲಿ ಅಪರೂಪವೇನಲ್ಲ. ಕಂಪ್ಯೂಟರ್ ಅದನ್ನು ನಂಬಿ ನಾಲ್ಕನ್ನೂ ಒಳಗೆ ಬಿಟ್ಟಿತು. ಗೋಲು ಬಿದ್ದಾಗ ನಾಲ್ಕೂ ಕಂಟ್ರೋಲರಿನ ಎಂಟು ಮೋಟಾರು ಒಟ್ಟಿಗೆ ತಿರುಗಿದವು. ವೋಲ್ಟೇಜು ಕುಸಿದು ಹಬ್ಬೇ ಒಂದು ಕ್ಷಣ ಸತ್ತಿತು. ಪ್ರಾಮಾಣಿಕ ಹಬ್ ಮೊದಲೇ ಆಗಲ್ಲ ಅಂದಿತ್ತು. ಇದು ಆಟದ ಮಧ್ಯೆ ಕೈ ಕೊಟ್ಟಿತು. ನನ್ನ ಮಟ್ಟಿಗೆ ಮೊದಲನೆಯದೇ ಒಳ್ಳೆಯ ಹಬ್.

ಇನ್ನು ನಂಬರ್ ವಿಷಯ. ಎಕ್ಸ್‌ಬಾಕ್ಸ್ 360 ಜೊತೆಗೆ ಮೈಕ್ರೋಸಾಫ್ಟ್ ವಿಂಡೋಸ್‌ಗೆ ಎಕ್ಸ್‌ಇನ್‌ಪುಟ್ ಅನ್ನೋ ಒಂದು ವ್ಯವಸ್ಥೆ ತಂದಿತು. ಗೇಮ್ ಬರೆಯುವವರಿಗೆ ಅದು ದೊಡ್ಡ ನೆಮ್ಮದಿ, ಯಾಕೆಂದರೆ ಹಿಂದೆ ಪ್ರತಿ ಜಾಯ್‌ಸ್ಟಿಕ್ಕಿನ ಬಟನ್ ಕ್ರಮವೂ ಬೇರೆ ಬೇರೆ. ಎಕ್ಸ್‌ಇನ್‌ಪುಟ್‌ನಲ್ಲಿ ನಾಲ್ಕೇ ಕುರ್ಚಿ, 0ರಿಂದ 3ರವರೆಗೆ. ಕಂಟ್ರೋಲರ್ ಬಂದು ಖಾಲಿ ಇರುವ ಕುರ್ಚಿಯಲ್ಲಿ ಕೂರುತ್ತದೆ. ಯಾವ ಪೋರ್ಟು, ಯಾರ ಕೈ, ಹಿಂದೆ ಎಲ್ಲಿ ಕೂತಿತ್ತು ಅನ್ನೋದನ್ನು ಅದು ಕೇಳುವುದೇ ಇಲ್ಲ. 360 ಕಂಟ್ರೋಲರಿನ ನಡುವಿನ ದುಂಡು ದೀಪದ ನಾಲ್ಕು ಕಾಲುಭಾಗಗಳು ಆ ಕುರ್ಚಿಯನ್ನೇ ತೋರಿಸುತ್ತವೆ. ಎಡ ಮೇಲೆ ಹತ್ತಿದರೆ ಒಂದು, ಬಲ ಮೇಲೆ ಎರಡು, ಎಡ ಕೆಳಗೆ ಮೂರು, ಬಲ ಕೆಳಗೆ ನಾಲ್ಕು.

ಒಂದೊಂದಾಗಿ ಚುಚ್ಚಿದರೆ ಇದರಲ್ಲಿ ಗೊಂದಲವೇ ಇಲ್ಲ. ಹಬ್ ಸತ್ತು ಹುಟ್ಟಿದಾಗ ಮಾತ್ರ ನಾಲ್ಕೂ ಒಟ್ಟಿಗೆ ಬಾಗಿಲಿಗೆ ಬರುತ್ತವೆ. ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಬೆಂಗಳೂರು ಬಸ್ಸಿಗೆ ಜನ ಹತ್ತಿದ ಹಾಗೆ, ಯಾವುದು ಮೊದಲು ತಯಾರಾಯಿತೋ ಅದಕ್ಕೆ ಮೊದಲ ಸೀಟು. ಗೋಲಿಗೆ ಮುಂಚೆ ನನ್ನದು ಎಡ ಮೇಲಿನ ದೀಪ, ಆಮೇಲೆ ಬಲ ಕೆಳಗಿನದು. ಗೇಮ್ ನೋಡೋದು ಕುರ್ಚಿಯನ್ನು ಮಾತ್ರ. ಒಂದನೇ ಕುರ್ಚಿಯಲ್ಲಿ ಯಾರು ಬಂದು ಕೂತರೂ ಅವರಿಗೆ ನನ್ನ ಆಟಗಾರ.

ವೈರ್ ಇಲ್ಲದ್ದು ತಂದರೆ ಕರೆಂಟಿನ ಕಾಟ ತಪ್ಪುತ್ತದೆ, ಕುರ್ಚಿಯ ಕಾಟ ತಪ್ಪೋದಿಲ್ಲ. ಇಲ್ಲಿ ಜನ ಜಾಸ್ತಿ ಎಡವೋದು ‘ಪೇರ್’ ಅನ್ನೋ ಪದದಲ್ಲಿ. ಪೇರ್ ಮಾಡೋದು ಅಂದರೆ ಪರಿಚಯ ಮಾಡಿಸೋದು, ಒಂದು ಸಲ ಮಾಡಿದರೆ ಸಾಕು. ಯಾವ ಕ್ರಮದಲ್ಲಿ ಪೇರ್ ಮಾಡಿದಿರಿ ಅನ್ನೋದಕ್ಕೂ ಇವತ್ತಿನ ಪ್ಲೇಯರ್ ನಂಬರಿಗೂ ಸಂಬಂಧವಿಲ್ಲ. ನಂಬರ್ ಸಿಗೋದು ಇವತ್ತು ಆನ್ ಮಾಡಿದ ಕ್ರಮಕ್ಕೆ. ಎಕ್ಸ್‌ಬಾಕ್ಸ್‌ನ ವೈರ್‌ಲೆಸ್ ಕಂಟ್ರೋಲರ್ 15 ನಿಮಿಷ ಮುಟ್ಟದಿದ್ದರೆ ತಾನೇ ಆಫ್ ಆಗುತ್ತದೆ. ಒಬ್ಬನೇ ಊಟಕ್ಕೆ ಎದ್ದು ಬಂದರೆ ಅವನ ಕುರ್ಚಿ ಖಾಲಿಯೇ ಇರುತ್ತದೆ, ವಾಪಸ್ ಅಲ್ಲೇ ಕೂರುತ್ತಾನೆ. ಎರಡನೆಯವನೂ ಮೂರನೆಯವನೂ ಒಟ್ಟಿಗೆ ಒಬ್ಬಟ್ಟು ತಿನ್ನಲು ಹೋದರೆ, ಮೊದಲು ಕೈ ತೊಳೆದು ಬಂದವನೇ ಎರಡನೆಯವನು.

ಈ ಗೊಂದಲಕ್ಕೆ ಚೆನ್ನಾದ ಉತ್ತರ ಕೊಟ್ಟದ್ದು ಗೇಮ್ ಬರೆಯುವವರೇ. ‘ಆಡುವವರು ಬಟನ್ ಒತ್ತಿ’ ಅಂತ ಒಂದು ಪರದೆ ತೋರಿಸಿ, ಒತ್ತಿದ ಕ್ರಮದಲ್ಲೇ ಹೆಸರು ಹಚ್ಚಿಕೊಳ್ಳುವ ಗೇಮ್‌ಗಳಲ್ಲಿ ಕುರ್ಚಿಯ ನಂಬರ್ ಏನಿದ್ದರೂ ಪರವಾಗಿಲ್ಲ. ನಿಂಟೆಂಡೊ ಸ್ವಿಚ್‌ನಲ್ಲಿ ಅದಕ್ಕೇ `Change Grip/Order` ಅಂತ ಬೇರೆ ಪರದೆಯೇ ಇದೆ. ಹಳೇ ಗೇಮ್ ಆಡಿಸುವ ರೆಟ್ರೋಆರ್ಚ್‌ನಲ್ಲಿ ಪ್ರತಿ ಪ್ಲೇಯರಿಗೂ `Device Index` ಆರಿಸಬಹುದು. ನಮ್ಮ ಫುಟ್‌ಬಾಲಿನಲ್ಲಿ ಇದ್ಯಾವುದೂ ಇರಲಿಲ್ಲ. ತಂಗಿ ತನ್ನ ಕಂಟ್ರೋಲರಿಗೆ ಕೆಂಪು ಸ್ಟಿಕ್ಕರ್ ಬೊಟ್ಟು ಅಂಟಿಸಿ ‘ಇದು ಒಂದನೇದು’ ಅಂದಳು. ಬೊಟ್ಟು ಕಂಟ್ರೋಲರಿನ ಮೇಲಿದೆ, ನಂಬರ್ ವಿಂಡೋಸ್‌ನೊಳಗಿದೆ. ಹಾಗಂತ ಅವಳಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ.

ಕೊನೆಗೆ ನಾವು ಮಾಡಿದ್ದು ಇಷ್ಟು. ಮೊದಲು ಗೇಮಿನ ಸೆಟ್ಟಿಂಗ್‌ನಲ್ಲಿ ಅದುರುವುದನ್ನು ಆಫ್ ಮಾಡಿ ನೋಡಿದೆವು. ಆಮೇಲೆ ಎರಡು ಪಂದ್ಯ ಹಬ್ ಸಾಯಲಿಲ್ಲ, ತಪ್ಪು ಯಾರದ್ದು ಅನ್ನೋದು ಖಾತ್ರಿಯಾಯಿತು. ಮಾರನೇ ದಿನ 5 ವೋಲ್ಟ್, 3 ಆಂಪ್ ಅಡಾಪ್ಟರ್ ಇರುವ ಹಬ್ ತಂದೆವು. ನಾಲ್ಕು ಐನೂರು ಸೇರಿದರೆ 2 ಆಂಪ್, ಹಾಗಾಗಿ 3 ಧಾರಾಳ ಸಾಕು. ಗೇಮ್ ಮುಚ್ಚಿ, ನಾಲ್ಕನ್ನೂ ಕಿತ್ತು, ಒಬ್ಬೊಬ್ಬರಾಗಿ ಚುಚ್ಚಿದೆವು. ಒಬ್ಬರ ದೀಪ ನಿಂತ ಮೇಲೆ ಇನ್ನೊಬ್ಬರು. ಆಮೇಲೆ ಗೇಮ್ ತೆರೆದೆವು. ಅದುರುವುದನ್ನು ಮತ್ತೆ ಆನ್ ಮಾಡಿದರೂ ನಂಬರ್ ಅಲುಗಲಿಲ್ಲ. ಹೊಸ ಅಡಾಪ್ಟರಿಗೆ ಮಾತ್ರ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಜಾಗ ಇರಲಿಲ್ಲ. ಚಿಕ್ಕಮ್ಮ ಬಂದು ‘ಸೊಳ್ಳೆ ಮಷಿನ್ ಯಾರೋ ಕಿತ್ತಿದ್ದು?’ ಅಂತ ಕೇಳುವ ಹೊತ್ತಿಗೆ ಮೂರನೇ ಪಂದ್ಯ ಶುರುವಾಗಿತ್ತು.