ಮನೆಗೆ ಹೋಗಿ ಥ್ರೆಡಿಂಗ್, ಮೆಹಂದಿ: ಬ್ರಿಟನ್ನಿನ ಒಂದು ಸೀಮಂತದ ಮನೆಯ ಲೆಕ್ಕ

ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಮನೆಗೆ ಹೋಗಿ ಹುಬ್ಬು ತಿದ್ದುವ ಮತ್ತು ಮೆಹಂದಿ ಹಾಕುವ ಕೆಲಸವನ್ನು ಆರಂಭಿಸಬೇಕೆಂದಿರುವ ಸಹಪಾಠಿಗಳಿಗಾಗಿ ಈ ಟಿಪ್ಪಣಿ. ಕೈಚಳಕವನ್ನು ತರಗತಿಯಲ್ಲಿ ಕಲಿತಿದ್ದೇವೆ. ಆದರೆ ಒಂದು ಮನೆಯಲ್ಲಿ ಆರು ಜನರನ್ನು ಯಾವ ಕ್ರಮದಲ್ಲಿ ಕೂರಿಸಬೇಕು, ಆ ದಿನದ ಕೊನೆಗೆ ಕೈಯಲ್ಲಿ ಎಷ್ಟು ಉಳಿಯುತ್ತದೆ ಎಂಬುದನ್ನು ಅಲ್ಲಿ ಹೇಳಿಕೊಡಲಿಲ್ಲ. ಆದ್ದರಿಂದ ಒಂದೇ ಭೇಟಿಯನ್ನು ಉದಾಹರಣೆಯಾಗಿ ಕಟ್ಟಿಕೊಂಡು ಮೊದಲಿನಿಂದ ಕೊನೆಯವರೆಗೆ ನೋಡೋಣ. ಇದರಲ್ಲಿ ಬರುವ ಸೇವೆಯ ದರಗಳು ಲೆಕ್ಕ ತೋರಿಸಲೆಂದು ನಾನು ಇಟ್ಟುಕೊಂಡವು. ನಿಮ್ಮ ಊರಿನ ದರ ಬೇರೆ ಇರಬಹುದು.

ಭಾನುವಾರ ಸೀಮಂತ. ಮನೆ ನಮ್ಮಿಂದ 12 ಮೈಲಿ ದೂರದಲ್ಲಿದೆ. ಗರ್ಭಿಣಿಗೆ ಹುಬ್ಬು ತಿದ್ದಿ, ಎರಡೂ ಕೈಗಳ ಎರಡೂ ಬದಿಗೆ ಮಣಿಕಟ್ಟಿನವರೆಗೆ ಮೆಹಂದಿ ಹಾಕಬೇಕು. ಊರಿನಿಂದ ಬಂದಿರುವ ತಾಯಿಗೆ ಮೇಲ್ತುಟಿಯ ಥ್ರೆಡಿಂಗ್ ಮತ್ತು ಅಂಗೈಗಳಿಗೆ ಸರಳ ವಿನ್ಯಾಸ. ಅತ್ತಿಗೆಗೆ ಹುಬ್ಬು, ಮೇಲ್ತುಟಿ ಮತ್ತು ಮುಂಗೈ ಮೆಹಂದಿ. ಇಬ್ಬರು ಗೆಳತಿಯರಿಗೆ ಹುಬ್ಬು ಮತ್ತು ಒಂದೊಂದು ಕೈಗೆ ಮೆಹಂದಿ. ಒಂಬತ್ತು ವರ್ಷದ ಹುಡುಗಿಯ ಅಂಗೈಗೆ ಒಂದು ಚಿಕ್ಕ ವಿನ್ಯಾಸ. ಭೇಟಿಯನ್ನು ಶನಿವಾರಕ್ಕಿಂತ ಶುಕ್ರವಾರಕ್ಕೆ ಇಟ್ಟುಕೊಳ್ಳುವುದು ಮೇಲು. ಲೇಪವನ್ನು ತೆಗೆದಾಗ ಕಿತ್ತಳೆಯಂತೆ ಕಾಣುವ ಬಣ್ಣವು ಗಾಳಿಯಲ್ಲಿ ಉತ್ಕರ್ಷಣೆಗೊಂಡು ಗಾಢ ಕಂದು ಬಣ್ಣಕ್ಕೆ ತಿರುಗಲು ಸುಮಾರು ಎರಡು ದಿನ ಬೇಕು. ಶನಿವಾರ ಸಂಜೆ ಹಾಕಿದರೆ ಭಾನುವಾರದ ಫೋಟೊಗಳಲ್ಲಿ ಕಿತ್ತಳೆ ಕೈಗಳೇ ಉಳಿಯುತ್ತವೆ.

ಲೇಪ

ಆರು ಜನರಿಗೆ ಒಟ್ಟು 25 ಗ್ರಾಂನ ಆರೇಳು ಕೋನ್‌ಗಳು ಸಾಕು. ಇದಕ್ಕೆ ನುಣ್ಣಗೆ ಜರಡಿ ಹಿಡಿದ 50 ಗ್ರಾಂ ಮದರಂಗಿ ಪುಡಿ, 12ರಿಂದ 15 ಗ್ರಾಂ ಸಕ್ಕರೆ, 15 ಮಿಲಿ ಲ್ಯಾವೆಂಡರ್ ಎಣ್ಣೆ ಮತ್ತು ಸುಮಾರು 150 ಮಿಲಿ ನಿಂಬೆರಸ ಬೇಕಾಗುತ್ತದೆ. ರಸವನ್ನು ಒಮ್ಮೆಗೇ ಸುರಿಯದೆ ಸ್ವಲ್ಪ ಸ್ವಲ್ಪವಾಗಿ ಬೆರೆಸಬೇಕು, ಏಕೆಂದರೆ ಒಂದೊಂದು ಪುಡಿಯೂ ಒಂದೊಂದು ಪ್ರಮಾಣದ ನೀರನ್ನು ಹೀರುತ್ತದೆ. ಬಣ್ಣ ಕೊಡುವುದು ಎಲೆಯಲ್ಲಿರುವ ಲಾಸೋನ್ ಎಂಬ ಅಂಶ. ಅದು ಪುಡಿಯಿಂದ ಬಿಡುಗಡೆಯಾಗಲು ಬೆಚ್ಚನೆಯ ಕೋಣೆಯಲ್ಲಿ ಎಂಟರಿಂದ ಹನ್ನೆರಡು ಗಂಟೆ ಹಿಡಿಯುತ್ತದೆ. ರಾತ್ರಿ ಹೀಟಿಂಗ್ ಆರಿಸಿದ ಅಡುಗೆಮನೆಯಲ್ಲಿ ಇನ್ನೂ ಹೆಚ್ಚು. ಹೀಗಾಗಿ ಗಡಿಯಾರಕ್ಕಿಂತ ಅಂಗೈಯನ್ನು ನಂಬುವುದು ಒಳ್ಳೆಯದು. ಒಂದು ಚುಕ್ಕಿ ಲೇಪವನ್ನು ಅಂಗೈಯಲ್ಲಿ ಐದು ನಿಮಿಷ ಇಟ್ಟು ಒರೆಸಿದಾಗ ಸ್ಪಷ್ಟವಾದ ಕಿತ್ತಳೆ ಗುರುತು ಉಳಿದರೆ ಲೇಪ ಸಿದ್ಧ. ಆಮೇಲೆ ಹೊರಗೇ ಬಿಟ್ಟರೆ ಒಂದೆರಡು ದಿನಗಳಲ್ಲಿ ಅದರ ಶಕ್ತಿ ಕುಂದುತ್ತದೆ. ಕೂಡಲೇ ಬಳಸದಿದ್ದರೆ ಕೋನ್‌ಗಳನ್ನು ಫ್ರೀಜರ್‌ನಲ್ಲಿಡಬೇಕು. ಶುಕ್ರವಾರ ಮಧ್ಯಾಹ್ನದ ಭೇಟಿಗೆ ಗುರುವಾರ ರಾತ್ರಿ ಕಲಸಿಟ್ಟರೆ ಸರಿಹೋಗುತ್ತದೆ.

ಎಣ್ಣೆಯ ಆಯ್ಕೆಯಲ್ಲಿ ಎಚ್ಚರ ಬೇಕು. ನೀಲಗಿರಿ ಎಣ್ಣೆ ಬಣ್ಣವನ್ನು ಗಾಢಗೊಳಿಸುತ್ತದೆ ಎಂಬುದು ನಿಜವಾದರೂ ಗರ್ಭಿಣಿಗೆ ಮತ್ತು ಮಗುವಿಗೆ ಅದನ್ನು ಬಳಸಬಾರದು. ಆದ್ದರಿಂದಲೇ ಇಲ್ಲಿ ಎಲ್ಲರಿಗೂ ಲ್ಯಾವೆಂಡರ್. ಕೆಂಪು ರಕ್ತಕಣಗಳನ್ನು ಕಾಪಾಡುವ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಿಗೆ ಶುದ್ಧ ಮದರಂಗಿಯೂ ಅಪಾಯಕಾರಿ, ಏಕೆಂದರೆ ಲಾಸೋನ್ ಅವರ ಕೆಂಪು ರಕ್ತಕಣಗಳನ್ನು ಒಡೆಯಬಲ್ಲದು. ಬುಕಿಂಗ್ ವೇಳೆ ಕೇಳುವ ಪ್ರಶ್ನೆಗಳಲ್ಲಿ ಇದನ್ನೂ ಸೇರಿಸಬೇಕು. ಎಳೆಗೂಸಿನ ಕೈಗೂ ಒಂದು ಚುಕ್ಕಿ ಇಡಿ ಎಂದು ಅಜ್ಜಿಯರು ಒತ್ತಾಯಿಸಿದರೆ ನಯವಾಗಿ ನಿರಾಕರಿಸಬೇಕು.

"ಅರ್ಧ ಗಂಟೆಯಲ್ಲಿ ಕಪ್ಪಾಗುವ ಕೋನ್ ಇಲ್ಲವೇ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಅಂಥ ಕಪ್ಪು ಮೆಹಂದಿಗೆ ಬಣ್ಣ ಕೊಡುವುದು ಸಾಮಾನ್ಯವಾಗಿ ಪಿಪಿಡಿ ಎಂಬ ಕೂದಲಿನ ಬಣ್ಣದ ರಾಸಾಯನಿಕ. ಬ್ರಿಟನ್ನಿನಲ್ಲಿ ಕೂದಲಿನ ಬಣ್ಣದಲ್ಲಿ ಅದಕ್ಕೆ ಶೇಕಡ 2ರ ಮಿತಿಯೊಳಗೆ ಅನುಮತಿಯಿದೆ; ಚರ್ಮಕ್ಕೆ ಹಚ್ಚುವುದು ಕಾನೂನುಬಾಹಿರ. ಅದರಿಂದ ಗುಳ್ಳೆಗಳೇಳಬಹುದು, ಗಾಯದ ಕಲೆ ಉಳಿಯಬಹುದು. ಒಮ್ಮೆ ಅಲರ್ಜಿ ಹತ್ತಿದರೆ ಮುಂದೆ ಕೂದಲಿಗೆ ಬಣ್ಣ ಹಾಕುವುದೂ ಜೀವನವಿಡೀ ಕಷ್ಟವಾಗುತ್ತದೆ. ಪದಾರ್ಥಗಳ ಪಟ್ಟಿಯಿಲ್ಲದ, ತಿಂಗಳುಗಟ್ಟಲೆ ಕಪಾಟಿನಲ್ಲಿ ಕೆಡದೆ ಉಳಿಯುವ, ಹಾಕಿದ ಗಂಟೆಯೊಳಗೆ ಇದ್ದಿಲಿನಂತೆ ಕಪ್ಪಾಗುವ ಕೋನ್ ಅನ್ನು ಗ್ರಾಹಕರೇ ತಂದುಕೊಟ್ಟರೂ ಬಳಸಬಾರದು.

ಮೊದಲು ದಾರ, ಆಮೇಲೆ ಕೋನ್

ಮನೆಯಲ್ಲಿ ನಮ್ಮನ್ನು ಕಂಡೊಡನೆ ಎಲ್ಲರೂ ಮೆಹಂದಿಗೆ ಕೈ ಚಾಚುತ್ತಾರೆ. ಆದರೆ ಹುಬ್ಬಿಗೆ ದಾರ ಹಾಕುವಾಗ ರೆಪ್ಪೆಯನ್ನೂ ಹುಬ್ಬಿನ ಮೇಲಿನ ಚರ್ಮವನ್ನೂ ಬಿಗಿಯಾಗಿ ಎಳೆದು ಹಿಡಿಯಬೇಕಾದವರು ಕುಳಿತವರೇ, ಅದೂ ಎರಡೂ ಕೈಗಳಿಂದ. ಚರ್ಮ ಸಡಿಲವಾಗಿದ್ದರೆ ಕೂದಲಿನ ಬದಲು ಚರ್ಮವೇ ದಾರದ ಸುರುಳಿಗೆ ಸಿಕ್ಕಿ ಕುಯ್ಯುತ್ತದೆ. ಹಸಿ ಮೆಹಂದಿಯ ಕೈಯಿಂದ ಈ ಕೆಲಸ ಆಗದು, ಲೇಪ ಒಣಗಿ ಬಣ್ಣ ಹತ್ತಲು ಆರೆಂಟು ಗಂಟೆ ಬೇಕು. ಹಾಗಾಗಿ ಮನೆಯ ಎಲ್ಲರ ಥ್ರೆಡಿಂಗ್ ಮುಗಿದ ನಂತರವೇ ಮೊದಲ ಕೋನ್ ತೆರೆಯಬೇಕು. ಮೆಹಂದಿಯಲ್ಲಿ ಗರ್ಭಿಣಿಯೇ ಮೊದಲು, ಏಕೆಂದರೆ ಅವರ ಕೆಲಸವೇ ದೀರ್ಘವಾದದ್ದು ಮತ್ತು ನಮ್ಮ ಕೈ ದಣಿಯುವ ಮೊದಲೇ ಆಗಬೇಕಾದದ್ದು. ಅಡುಗೆಮನೆಯ ಜವಾಬ್ದಾರಿ ಹೊತ್ತವರು ಕೊನೆಗೆ.

ಥ್ರೆಡಿಂಗ್‌ಗೆ ಊಟದ ಮೇಜಿನ ಕುರ್ಚಿಯನ್ನು ಗೋಡೆಗೆ ತಾಗಿಸಿ, ತಲೆಯ ಹಿಂದೆ ಒಂದು ದಿಂಬು ಇಟ್ಟರೆ ಸಾಕು. ಗರ್ಭಿಣಿಯನ್ನು ಬಹಳ ಹೊತ್ತು ಅಂಗಾತ ಮಲಗಿಸಬಾರದು, ಕೂರಿಸಿಯೇ ಮಾಡಬೇಕು. ಇಲ್ಲಿನ ಮನೆಗಳ ಹಾಲ್‌ನಲ್ಲಿ ಸಂಜೆ ಉರಿಯುವ ಹಳದಿ ದೀಪದಲ್ಲಿ ಹುಬ್ಬಿನ ಸಣ್ಣ ರೋಮ ಕಾಣುವುದೇ ಇಲ್ಲ; ಬಿಳಿ ಬೆಳಕಿನ ದೀಪವೊಂದು ನಮ್ಮ ಚೀಲದಲ್ಲೇ ಇರಬೇಕು. ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುವ ರೂಢಿಯನ್ನು ಬಿಟ್ಟು ಕುತ್ತಿಗೆಗೆ ಸುತ್ತಿಕೊಳ್ಳುವ ವಿಧಾನವನ್ನು ಅಭ್ಯಾಸ ಮಾಡಿರಿ, ಮತ್ತು ಒಬ್ಬರಿಗೆ ಬಳಸಿದ ದಾರವನ್ನು ಇನ್ನೊಬ್ಬರಿಗೆ ಬಳಸಬೇಡಿರಿ. ಚರ್ಮದಲ್ಲಿ ಚಪ್ಪಟೆ ನರುಲಿಗಳಿದ್ದರೆ ದಾರವೇ ಅವನ್ನು ಅಕ್ಕಪಕ್ಕಕ್ಕೆ ಹರಡುತ್ತದೆ. ತುಟಿಯ ಬಳಿ ಹರ್ಪಿಸ್ ಗುಳ್ಳೆ ಇದ್ದರೆ ಆ ದಿನ ಮೇಲ್ತುಟಿ ಬೇಡ. ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ನುಂಗುತ್ತಿರುವವರ ಚರ್ಮ ದಾರದ ಎಳೆತಕ್ಕೆ ಕಿತ್ತುಬರಬಲ್ಲದು. ಅವರಿಗೆ ಥ್ರೆಡಿಂಗ್ ಮಾಡಲೇಬಾರದು.

ಮೆಹಂದಿಗೆ ಕೂರುವ ಮುನ್ನ ನೆಲದ ಮೇಲೆ ಹಳೆಯ ಬೆಡ್‌ಶೀಟ್ ಮತ್ತು ಅದರಡಿ ಪ್ಲಾಸ್ಟಿಕ್ ಹಾಳೆ ಹಾಸಬೇಕು. ಬಾಡಿಗೆ ಮನೆಯ ತಿಳಿಬಣ್ಣದ ಕಾರ್ಪೆಟ್ ಮೇಲೆ ಒಂದು ತೊಟ್ಟು ಲೇಪ ಬಿದ್ದು ಉಳಿದರೆ ಆ ಕುಟುಂಬದ ಡಿಪಾಸಿಟ್‌ಗೇ ಸಂಚಕಾರ. ಹೀಟಿಂಗ್‌ನ ಒಣಗಾಳಿಯಲ್ಲಿ ಲೇಪ ಬೇಗ ಬಿರಿದು ಉದುರುತ್ತದೆ. ಅಂಚು ಒಣಗತೊಡಗಿದಾಗ ನಿಂಬೆ-ಸಕ್ಕರೆ ನೀರನ್ನು ಹತ್ತಿಯಿಂದ ಮೆಲ್ಲಗೆ ಒತ್ತಬೇಕು. ಅತಿಯಾದರೆ ಗೆರೆಗಳು ಹರಡುತ್ತವೆ.

ಗಂಟೆ ಮತ್ತು ಪೌಂಡು

ಹುಬ್ಬಿಗೆ 12 ನಿಮಿಷ, ಮೇಲ್ತುಟಿಗೆ 5 ನಿಮಿಷವೆಂದು ಹಿಡಿದರೆ ನಾಲ್ಕು ಹುಬ್ಬು ಮತ್ತು ಎರಡು ಮೇಲ್ತುಟಿಗೆ 58 ನಿಮಿಷ. ಮೆಹಂದಿಗೆ ಗರ್ಭಿಣಿಗೆ 90, ತಾಯಿಗೆ ಮತ್ತು ಅತ್ತಿಗೆಗೆ ತಲಾ 30, ಗೆಳತಿಯರಿಗೆ ತಲಾ 20, ಹುಡುಗಿಗೆ 15, ಒಟ್ಟು 205 ನಿಮಿಷ. ಸಿದ್ಧತೆ ಮತ್ತು ಸ್ವಚ್ಛತೆಗೆ ಅರ್ಧ ಗಂಟೆ, ಹೋಗಿಬರುವ ದಾರಿಗೆ 70 ನಿಮಿಷ ಸೇರಿಸಿದರೆ ಸುಮಾರು ಆರು ಗಂಟೆ. ಲೇಪ ತಯಾರಿ, ಕೋನ್ ತುಂಬುವುದು, ಮಾತುಕತೆ ಎಲ್ಲಕ್ಕೂ ಇನ್ನೆರಡು ಗಂಟೆ ಬೇಕು. ಎಂದರೆ ಇದು ಎಂಟು ಗಂಟೆಯ ಕೆಲಸ.

ಹುಬ್ಬಿಗೆ 8 ಪೌಂಡ್, ಮೇಲ್ತುಟಿಗೆ 4 ಪೌಂಡ್‌ನಂತೆ ಥ್ರೆಡಿಂಗ್‌ನಿಂದ 40 ಪೌಂಡ್ ಬರುತ್ತದೆ. ಮೆಹಂದಿಗೆ ಗರ್ಭಿಣಿಗೆ 55, ತಾಯಿ ಮತ್ತು ಅತ್ತಿಗೆಗೆ ತಲಾ 20, ಗೆಳತಿಯರಿಗೆ ತಲಾ 12, ಹುಡುಗಿಗೆ 8, ಒಟ್ಟು 127. ಎರಡೂ ಸೇರಿ 167 ಪೌಂಡ್. ಕಾರಿನ ವೆಚ್ಚವನ್ನು ತೆರಿಗೆ ಲೆಕ್ಕದಲ್ಲಿ ಬಳಸುವ ಮೈಲಿಗೆ 45 ಪೆನ್ಸ್ ದರದಲ್ಲಿ ತೆಗೆದುಕೊಂಡರೆ 24 ಮೈಲಿಗೆ 10.80, ಸಾಮಗ್ರಿ ಮತ್ತು ವಿಮೆಯ ಪಾಲಿಗೆ 12 ಪೌಂಡ್ ಇಟ್ಟರೆ ಉಳಿಯುವುದು 144.20. ಎಂಟು ಗಂಟೆಗೆ ಹಂಚಿದಾಗ ಗಂಟೆಗೆ 18 ಪೌಂಡ್ ಚಿಲ್ಲರೆ. 2025ರ ಏಪ್ರಿಲ್‌ನಿಂದ ಇಲ್ಲಿನ ವಯಸ್ಕ ಕೆಲಸಗಾರರ ಕನಿಷ್ಠ ವೇತನ ಗಂಟೆಗೆ 12.21 ಪೌಂಡ್ ಆಗಿತ್ತು ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಈ ದರ ಸಾಧಾರಣ ಎನ್ನಬಹುದು.

ಈಗ ಅದೇ ಮನೆಯವರು ಮುಂದಿನ ತಿಂಗಳು "ಹುಬ್ಬು ಮಾತ್ರ ಮಾಡಿಕೊಟ್ಟು ಹೋಗಿ" ಎಂದು ಕರೆದರೆ ಏನಾಗುತ್ತದೆಂದು ನೋಡಿ. ಬರುವುದು 8 ಪೌಂಡ್, ಕಾರಿಗೇ ಹೋಗುವುದು 10.80. ಒಂದು ಭೇಟಿಗೆ ಕನಿಷ್ಠ ಮೊತ್ತವನ್ನು, ಉದಾಹರಣೆಗೆ 40 ಪೌಂಡ್ ಎಂದು, ಮೊದಲೇ ತಿಳಿಸಬೇಕಾಗಿರುವುದು ಇದಕ್ಕೇ. ನಮ್ಮವರ ನಡುವೆ ಹಣದ ಮಾತಾಡಲು ಸಂಕೋಚವಿರುತ್ತದೆ, ನನಗೂ ಇದೆ. ಆದರೆ ಸಂಕೋಚದ ಖರ್ಚನ್ನು ಭರಿಸುವವರು ನಾವೇ. "ಅಕ್ಕಾ, ಪಕ್ಕದ ಮನೆಯ ಮಕ್ಕಳಿಗೂ ಸ್ವಲ್ಪ ಹಾಕಿಬಿಡಿ" ಎಂಬ ಬೇಡಿಕೆಗೂ ಇದೇ ಉತ್ತರ: ಹೆಸರುಗಳ ಪಟ್ಟಿಯನ್ನು ಮುಂಚಿತವಾಗಿ ಪಡೆದು, ಹೊಸಬರನ್ನು ಕೊನೆಯಲ್ಲಿ, ಸಮಯವಿದ್ದರೆ, ಅದೇ ದರಕ್ಕೆ ಸೇರಿಸಿಕೊಳ್ಳಬೇಕು.

ಪ್ಯಾಚ್ ಟೆಸ್ಟ್ ಈ ಲೆಕ್ಕವನ್ನು ಇನ್ನೊಂದು ಕಡೆಯಿಂದ ಕೆಡಿಸುತ್ತದೆ. ಅಲರ್ಜಿಯ ಸುಳಿವು ಸಿಗಬೇಕಾದರೆ ಕನಿಷ್ಠ 24ರಿಂದ 48 ಗಂಟೆ ಮೊದಲು ಗ್ರಾಹಕರ ಚರ್ಮದ ಮೇಲೆ ಲೇಪದ ಒಂದು ಚುಕ್ಕಿ ಇಡಬೇಕು. ಅದಕ್ಕೆಂದೇ ಇನ್ನೊಮ್ಮೆ 24 ಮೈಲಿ ಓಡಾಡಿದರೆ ಲಾಭದಲ್ಲಿ ಒಂದು ಭಾಗ ರಸ್ತೆಯಲ್ಲೇ ಕರಗುತ್ತದೆ. ಕುಟುಂಬಗಳು ಹೇಗೂ ಸೇರುವ ವಾರಾಂತ್ಯದ ಕನ್ನಡ ತರಗತಿಯಲ್ಲೋ ಹಬ್ಬದ ಕೂಟದಲ್ಲೋ ಹಿಂದಿನ ವಾರವೇ ಇದನ್ನು ಮುಗಿಸುವುದು ಜಾಣತನ.

ಶುರುವಿಗೆ ಮುನ್ನ ಕಾಗದಪತ್ರ

ಮೊದಲು ನೋಡಬೇಕಾದದ್ದು ವೀಸಾ. ಸ್ಕಿಲ್ಡ್ ವರ್ಕರ್ ವೀಸಾದವರ ಪತಿ ಅಥವಾ ಪತ್ನಿಯಾಗಿ ಬಂದವರು ಸ್ವಂತ ಉದ್ಯೋಗ ಮಾಡಬಹುದು. ಸ್ಟೂಡೆಂಟ್ ವೀಸಾದವರು ಮಾಡುವಂತಿಲ್ಲ. ವಿಸಿಟರ್ ವೀಸಾದಲ್ಲಿ ಬಂದ ತಾಯಿ ಅಥವಾ ಅತ್ತೆಗೆ ಎಷ್ಟೇ ಚೆನ್ನಾಗಿ ಮೆಹಂದಿ ಬರುತ್ತಿದ್ದರೂ ಹಣಕ್ಕಾಗಿ ನಮ್ಮ ಜೊತೆ ಕೈಜೋಡಿಸುವಂತಿಲ್ಲ. ಒಂದು ತೆರಿಗೆ ವರ್ಷದಲ್ಲಿ, ಅಂದರೆ ಏಪ್ರಿಲ್ 6ರಿಂದ ಮುಂದಿನ ಏಪ್ರಿಲ್ 5ರವರೆಗೆ, ಖರ್ಚು ಕಳೆಯುವ ಮೊದಲಿನ ಆದಾಯ 1,000 ಪೌಂಡ್ ದಾಟಿದರೆ ಆ ವರ್ಷ ಮುಗಿದ ಬಳಿಕ ಬರುವ ಅಕ್ಟೋಬರ್ 5ರೊಳಗೆ ತೆರಿಗೆ ಇಲಾಖೆಯಲ್ಲಿ ಸ್ವಯಂ ಉದ್ಯೋಗಿಯೆಂದು ನೋಂದಾಯಿಸಿಕೊಳ್ಳಬೇಕು. ನಮ್ಮ ಉದಾಹರಣೆಯಂಥ ಆರು ಭೇಟಿಗಳಾದರೆ 1,002 ಪೌಂಡ್, ಮಿತಿ ದಾಟಿಯೇ ಬಿಟ್ಟಿತು.

ನಮ್ಮ ಕೆಲಸದಿಂದ ಗ್ರಾಹಕರಿಗೆ ಹಾನಿಯಾದರೆ ಅದರ ಹೊಣೆಯನ್ನೂ ಒಳಗೊಂಡ ವಿಮೆ ಮಾಡಿಸುವಾಗ ಕಂಪನಿಗಳು ಸಾಮಾನ್ಯವಾಗಿ ತರಬೇತಿಯ ಪ್ರಮಾಣಪತ್ರವನ್ನೂ ಪ್ಯಾಚ್ ಟೆಸ್ಟ್ ದಾಖಲೆಯನ್ನೂ ಕೇಳುತ್ತವೆ. ಆದ್ದರಿಂದ ಚುಕ್ಕಿ ಇಟ್ಟ ದಿನಾಂಕ, ಎಣ್ಣೆಯ ಹೆಸರು ಮತ್ತು ಗ್ರಾಹಕರ ಸಹಿಯನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡಬೇಕು. ಉಳಿದ ಕೋನ್‌ಗಳನ್ನು ಮಾರಿದರೇನು ಎಂಬ ಯೋಚನೆ ಸಹಜ. ಆದರೆ ಮಾರಾಟಕ್ಕಿಟ್ಟ ಕೋನ್ ಇಲ್ಲಿನ ಕಾನೂನಿನಲ್ಲಿ ಸೌಂದರ್ಯವರ್ಧಕ ಉತ್ಪನ್ನವಾಗುತ್ತದೆ. ಅದಕ್ಕೆ ತಜ್ಞರಿಂದ ಸುರಕ್ಷತಾ ಪರಿಶೀಲನೆ, ಸರಿಯಾದ ಲೇಬಲ್ ಮತ್ತು ಸರ್ಕಾರಕ್ಕೆ ಮುಂಚಿತ ಮಾಹಿತಿ ಬೇಕು. ಅಷ್ಟನ್ನು ಮಾಡಲಾಗದವರು ಉಳಿದ ಕೋನ್‌ಗಳ ಮೇಲೆ ದಿನಾಂಕ ಬರೆದು ಫ್ರೀಜರ್‌ಗೆ ಹಾಕಿ, ಮುಂದಿನ ಭೇಟಿಯ ದಿನ ಅಂಗೈಯ ಐದು ನಿಮಿಷದ ಪರೀಕ್ಷೆಯನ್ನು ಮತ್ತೆ ಮಾಡಿ ಬಳಸಿಕೊಳ್ಳಲಿ.