ಒಂದು ಬಿಂದಿಗೆ ಕೆಸರು ನೀರಿಗೆ ಎಷ್ಟು ನುಗ್ಗೆ ಬೀಜ?

ಪ್ರಶ್ನೆ: ಮಗಳು ಎಂಟನೇ ತರಗತಿ. ಇನ್ನೊಂದು ತಿಂಗಳಿಗೆ ಶಾಲೆಯಲ್ಲಿ ವಿಜ್ಞಾನ ವಸ್ತುಪ್ರದರ್ಶನವಿದೆ. ಅಂಗಡಿಯಲ್ಲಿ ಸಿಗುವ ಸಿದ್ಧ ಮಾದರಿಯೂ ಬೇಡ, ಸೋಡಾ ಹಾಕಿ ಉಕ್ಕಿಸುವ ಜ್ವಾಲಾಮುಖಿಯೂ ಬೇಡ ಎನ್ನುತ್ತಾಳೆ. ಮುನ್ನೂರು ರೂಪಾಯಿಯೊಳಗೆ ಅವಳೇ ಮಾಡಬಹುದಾದದ್ದು ಏನಿದೆ?

ಉತ್ತರ: ನುಗ್ಗೆ ಬೀಜದಿಂದ ಕೆಸರು ನೀರನ್ನು ತಿಳಿಗೊಳಿಸುವ ಪ್ರಯೋಗ ಮಾಡಿಸಿ. ಇದು ಎಲ್ಲರಿಗೂ ಗೊತ್ತಿರುವ ವಿಷಯವಲ್ಲವೇ ಎಂದು ನೀವು ಕೇಳಬಹುದು. ಗೊತ್ತಿರುವುದು ನಿಜ. ಹಿಂದಿನವರು ಚಿಲ್ಲದ ಬೀಜವನ್ನು ಮಡಕೆಯ ಒಳಮೈಗೆ ತೇಯ್ದು ನೀರು ತಿಳಿ ಮಾಡಿಕೊಳ್ಳುತ್ತಿದ್ದರು. ನುಗ್ಗೆಯದೂ ಅದೇ ಜಾತಿಯ ಕೆಲಸ. ಆದರೆ ಪ್ರದರ್ಶನಗಳಲ್ಲಿ ಮಕ್ಕಳು ಸಾಮಾನ್ಯವಾಗಿ ಎರಡು ಲೋಟ ಇಟ್ಟು, ಒಂದಕ್ಕೆ ಪುಡಿ ಹಾಕಿ, "ನೋಡಿ, ತಿಳಿಯಾಯಿತು" ಎಂದು ನಿಲ್ಲಿಸಿಬಿಡುತ್ತಾರೆ. ಅದು ಪ್ರದರ್ಶನವಾಯಿತೇ ಹೊರತು ಪ್ರಯೋಗವಾಗಲಿಲ್ಲ. ನಿಮ್ಮ ಮಗಳು ಕೇಳಬೇಕಾದ ಪ್ರಶ್ನೆ ಬೇರೆ: ಎಷ್ಟು ಹಾಕಬೇಕು? ಹೆಚ್ಚು ಹಾಕಿದರೆ ಇನ್ನೂ ತಿಳಿಯಾಗುತ್ತದೆಯೇ? ಆಗುವುದಿಲ್ಲ, ಒಂದು ಮಿತಿ ದಾಟಿದ ಮೇಲೆ ನೀರು ಮತ್ತೆ ಮಬ್ಬಾಗುತ್ತದೆ. ಈ ತಿರುವನ್ನು ಅವಳು ತನ್ನ ಕಣ್ಣಿನಿಂದ ಕಂಡು ಗ್ರಾಫ್‌ನಲ್ಲಿ ಬರೆದರೆ ಸಾಕು.

ಕಾರಣ ಹೀಗಿದೆ. ನೀರಿನಲ್ಲಿ ತೇಲುವ ಜೇಡಿಮಣ್ಣಿನ ಕಣಗಳ ಮೇಲೆ ಋಣ ವಿದ್ಯುದಂಶವಿರುತ್ತದೆ. ಒಂದನ್ನೊಂದು ದೂರ ತಳ್ಳುವುದರಿಂದ ಅವು ದಿನಗಟ್ಟಲೆ ತಳ ಸೇರುವುದಿಲ್ಲ. ನುಗ್ಗೆ ಬೀಜದ ತಿರುಳಿನಲ್ಲಿ ನೀರಿಗೆ ಕರಗುವ ಒಂದು ಬಗೆಯ ಪ್ರೋಟೀನ್ ಇದೆ; ಅದರ ಮೇಲಿರುವುದು ಧನ ವಿದ್ಯುದಂಶ. ಅದು ಕಣಗಳಿಗೆ ಅಂಟಿಕೊಂಡಾಗ ತಳ್ಳಾಟ ನಿಲ್ಲುತ್ತದೆ, ಕಣಗಳು ಹತ್ತಿಯ ಎಸಳಿನಂತೆ ಕೂಡಿಕೊಂಡು ಭಾರವಾಗಿ ಕೆಳಗಿಳಿಯುತ್ತವೆ. ಪ್ರೋಟೀನ್ ಮಿತಿಮೀರಿದರೆ ಪ್ರತಿ ಕಣದ ಸುತ್ತಲೂ ಧನ ವಿದ್ಯುದಂಶದ ಹೊದಿಕೆಯೇ ಬಂದು ತಳ್ಳಾಟ ಮತ್ತೆ ಶುರುವಾಗುತ್ತದೆ. ಜೊತೆಗೆ ಬೀಜದ ಹಾಲಿನ ಬಿಳುಪೂ ನೀರಿಗೆ ಸೇರುತ್ತದೆ.

ಮೊದಲ ವಾರ ಬೀಜ, ನೀರು, ಅಳತೆಯ ಕೊಳವೆ ಹೊಂದಿಸಿಕೊಳ್ಳುವುದಕ್ಕೇ ಬೇಕು. ಸಾರಿಗೆ ಹಾಕುವ ಹಸಿ ನುಗ್ಗೆಕಾಯಿ ಇದಕ್ಕೆ ನಡೆಯುವುದಿಲ್ಲ. ಮರದಲ್ಲೇ ಒಣಗಿ ಕಂದು ಬಣ್ಣಕ್ಕೆ ತಿರುಗಿದ ಕಾಯಿಯ ಬೀಜ ಬೇಕು. ಇಪ್ಪತ್ತೈದು ಮೂವತ್ತು ಬೀಜ ಸಾಕು, ಹಿತ್ತಿಲಲ್ಲಿ ಮರವಿರುವ ಯಾರನ್ನು ಕೇಳಿದರೂ ಕೊಡುತ್ತಾರೆ. ಬಿತ್ತನೆ ಬೀಜದ ಅಂಗಡಿಯಿಂದ ಮಾತ್ರ ತರಬೇಡಿ. ಬಿತ್ತನೆ ಬೀಜಕ್ಕೆ ಶಿಲೀಂಧ್ರನಾಶಕ ಲೇಪಿಸಿರುವುದುಂಟು, ಮಕ್ಕಳು ಕೈಯಿಂದ ಸುಲಿಯುವ ವಸ್ತುವಲ್ಲ ಅದು.

ನೀರು ಕೆರೆಯದೋ ಹೊಂಡದ್ದೋ ಆದರೆ ಒಳ್ಳೆಯದು. ಸಿಗದಿದ್ದರೆ ಹತ್ತು ಲೀಟರ್ ನೀರಿಗೆ ಎರಡು ಹಿಡಿ ಜೇಡಿಮಣ್ಣು ಕದಡಿ, ರಾತ್ರಿಯಿಡೀ ಬಿಟ್ಟು, ಮರಳು ತಳ ಸೇರಿದ ಮೇಲೆ ಮೇಲಿನ ಮಬ್ಬು ನೀರನ್ನಷ್ಟೇ ಬಸಿದುಕೊಳ್ಳಿ. ಈ ರಾತ್ರಿ ಕಾಯುವ ಕೆಲಸವನ್ನು ತಪ್ಪಿಸಿದರೆ ಇಡೀ ಪ್ರಯೋಗವೇ ಕೆಡುತ್ತದೆ: ಬೀಜ ಹಾಕದ ಬಾಟಲಿಯಲ್ಲೂ ದಪ್ಪ ಕಣಗಳು ಅರ್ಧ ಗಂಟೆಯಲ್ಲಿ ಇಳಿದು, ಎಲ್ಲವೂ ಒಂದೇ ರೀತಿ ಕಾಣುತ್ತವೆ. ಇನ್ನೊಂದು ತೊಡಕು ಕೊಳವೆಬಾವಿಯ ಗಡಸು ನೀರಿನದು. ಅದರಲ್ಲಿನ ಕ್ಯಾಲ್ಸಿಯಂ ತಾನೇ ಕಣಗಳನ್ನು ಕೂಡಿಸಿಬಿಡಬಹುದು. ಬೆಳಗಾಗುವಷ್ಟರಲ್ಲಿ ನಿಮ್ಮ ಕೆಸರು ನೀರು ತನ್ನಷ್ಟಕ್ಕೆ ತಿಳಿಯಾಗಿದ್ದರೆ ಮಳೆ ನೀರಿನಲ್ಲಿ ಮತ್ತೆ ಕದಡಿ.

ಅಳೆಯುವುದಕ್ಕೆ ಶಾಲೆಯ ಪ್ರಯೋಗಾಲಯದಿಂದ 500 ಮಿಲಿಲೀಟರಿನ ಅಳತೆ ಜಾಡಿಯನ್ನು ಎರವಲು ತನ್ನಿ. ಐಸ್‌ಕ್ರೀಮ್ ಡಬ್ಬಿಯ ಬಿಳಿ ಮುಚ್ಚಳದಿಂದ ಜಾಡಿಯ ತಳಕ್ಕೆ ಕೂರುವಷ್ಟು ಚಿಕ್ಕ ಬಿಲ್ಲೆ ಕತ್ತರಿಸಿ, ಅಳಿಸಿಹೋಗದ ಮಾರ್ಕರ್‌ನಿಂದ ಅದರ ಮೇಲೆ ಕಪ್ಪು ಅಡ್ಡಗೆರೆಗಳ ಗುರುತು ಬರೆಯಿರಿ. ಬಿಲ್ಲೆಯ ಕೆಳಗೆ ಒಂದು ನಾಣ್ಯವನ್ನು ಅಂಟಿಸುವುದನ್ನು ಮರೆಯಬೇಡಿ. ನಾನು ಮೊದಲ ಸಲ ಮರೆತಿದ್ದೆ. ನೀರು ಸುರಿದ ಕೂಡಲೇ ಬಿಲ್ಲೆ ತೇಲಿ ಬಂದು ಮೇಲೆ ಕುಳಿತು ನಮ್ಮನ್ನೇ ನೋಡುತ್ತಿತ್ತು. ಮೇಲಿನಿಂದ ನೋಡುತ್ತಾ ನಿಧಾನವಾಗಿ ನೀರು ಸುರಿಯಿರಿ. ಗುರುತು ಕಣ್ಮರೆಯಾದ ಕ್ಷಣ ನಿಲ್ಲಿಸಿ, ನೀರಿನ ಎತ್ತರವನ್ನು ಹೊರಗಿನಿಂದ ಸ್ಕೇಲಿನಲ್ಲಿ ಅಳೆಯಿರಿ. ಎತ್ತರ ಹೆಚ್ಚಿದ್ದಷ್ಟೂ ನೀರು ತಿಳಿ. ಒಬ್ಬರ ಕಣ್ಣು ಇನ್ನೊಬ್ಬರಂತಿರುವುದಿಲ್ಲ, ಆದ್ದರಿಂದ ಕೊನೆಯವರೆಗೂ ಒಬ್ಬಳೇ ನೋಡಬೇಕು, ಅದೇ ಕಿಟಕಿಯ ಬೆಳಕಿನಲ್ಲಿ.

ಇಷ್ಟಕ್ಕೆ ತಗಲುವ ಖರ್ಚಿನ ಅಂದಾಜು ಇದು. ಊರಿನಿಂದ ಊರಿಗೆ ಐದು ಹತ್ತು ರೂಪಾಯಿ ಆಚೀಚೆ ಆಗಬಹುದು.

| ವಸ್ತು | ರೂಪಾಯಿ |
|---|---|
| ಒಣ ನುಗ್ಗೆ ಬೀಜ, ಎರಡು ಲೀಟರಿನ ಹಳೆಯ ಬಾಟಲಿ 6, ಹಳೆಯ ಪಂಚೆಯ ತುಂಡು | 0 |
| ಸೂಜಿಯಿಲ್ಲದ 10 ಮಿ.ಲೀ. ಸಿರಿಂಜ್ 2 | 30 |
| ಸಣ್ಣ ಪ್ಲಾಸ್ಟಿಕ್ ಪೈಪ್, 1 ಮೀಟರ್ | 20 |
| ಪಟಿಕ | 20 |
| ಮಾರ್ಕರ್ | 30 |
| ಡ್ರಾಯಿಂಗ್ ಶೀಟ್ 4 | 60 |
| ಫೋಟೋ ಮುದ್ರಣ | 60 |
| ನೀರು ತರಲು ಬಸ್ ಖರ್ಚು | 40 |
| ಕೈಮೀಸಲು | 40 |
| ಒಟ್ಟು | 300 |

ಎರಡನೇ ವಾರ ನಿಜವಾದ ಕೆಲಸ. ನೀರು ಶುದ್ಧೀಕರಣ ಘಟಕಗಳಲ್ಲಿ ಪಟಿಕದ ಪ್ರಮಾಣ ಗೊತ್ತುಮಾಡಿಕೊಳ್ಳಲು ಮಾಡುವ ಜಾರ್ ಪರೀಕ್ಷೆಯನ್ನೇ ನಿಮ್ಮ ಮಗಳು ಅಡುಗೆಮನೆಯಲ್ಲಿ ಮಾಡುತ್ತಾಳೆ. ಬೀಜದ ರೆಕ್ಕೆ ಮತ್ತು ಕಂದು ಸಿಪ್ಪೆ ತೆಗೆದರೆ ಒಳಗೆ ಬಿಳಿ ತಿರುಳು ಸಿಗುತ್ತದೆ. ಒಂದೊಂದು ಸುಮಾರು 0.2 ಗ್ರಾಂ ಇರುತ್ತದೆ, ಆದರೆ ಬೀಜದಿಂದ ಬೀಜಕ್ಕೆ ತೂಕ ಬೇರೆಯಾಗುವುದರಿಂದ ಎಣಿಕೆಯನ್ನು ನಂಬದೆ ಶಾಲೆಯ ತಕ್ಕಡಿಯಲ್ಲಿ ತೂಗಿ 1 ಗ್ರಾಂ ತೆಗೆದುಕೊಳ್ಳಲಿ. ಕುಟ್ಟಾಣಿಯಲ್ಲಿ ನುಣ್ಣಗೆ ಕುಟ್ಟಿ, 100 ಮಿಲಿಲೀಟರ್ ನೀರಿನಲ್ಲಿ ಐದು ನಿಮಿಷ ಕುಲುಕಿ, ಬಟ್ಟೆಯಲ್ಲಿ ಸೋಸಿದರೆ ಹಾಲಿನಂಥ ದ್ರಾವಣ ಬರುತ್ತದೆ. ಇದರ ಒಂದು ಮಿಲಿಲೀಟರ್ ಎಂದರೆ 10 ಮಿಲಿಗ್ರಾಂ ಬೀಜದ ಲೆಕ್ಕ. ಮಿಲಿಗ್ರಾಂ ತೂಗುವ ಯಂತ್ರವಿಲ್ಲದೆಯೂ ಸಿರಿಂಜ್‌ನಿಂದಲೇ ಮಿಲಿಗ್ರಾಂ ಅಳೆದಂತಾಯಿತು. ಈ ದ್ರಾವಣವನ್ನು ಅಂದೇ ಬಳಸಿ ಮುಗಿಸಬೇಕು. ನಾಳೆಗಿಟ್ಟರೆ ಹಳಸುತ್ತದೆ.

ಬಾಟಲಿಗಳ ಕತ್ತು ಕತ್ತರಿಸಿ ಅಗಲ ಬಾಯಿ ಮಾಡಿ, ಆರಕ್ಕೂ ಒಂದೊಂದು ಲೀಟರ್ ಮಬ್ಬು ನೀರು ತುಂಬಿಸಿ. ಮೊದಲನೆಯದಕ್ಕೆ ಏನೂ ಹಾಕಬೇಡಿ. ಉಳಿದವಕ್ಕೆ ಕ್ರಮವಾಗಿ 2.5, 5, 10, 20, 40 ಮಿಲಿಲೀಟರ್ ದ್ರಾವಣ. ಹಾಕಿದ ಮೇಲೆ ಒಂದು ನಿಮಿಷ ಜೋರಾಗಿ, ಆಮೇಲೆ ಐದು ನಿಮಿಷ ತೀರಾ ಮೆಲ್ಲಗೆ ಕಲಕಬೇಕು. ಜೋರಾಗಿ ಕಲಕುವುದು ದ್ರಾವಣ ಎಲ್ಲೆಡೆ ಹರಡಲು. ಮೆಲ್ಲಗೆ ಕಲಕುವುದು ಕಣಗಳು ಒಂದಕ್ಕೊಂದು ತಗಲಿ ಬೆಳೆಯಲು. ಕೊನೆಯವರೆಗೂ ಜೋರಾಗಿಯೇ ತಿರುಗಿಸಿದರೆ ಕೂಡಿದ ಎಸಳುಗಳೇ ಒಡೆದುಹೋಗುತ್ತವೆ. ಏನೂ ಹಾಕದ ಬಾಟಲಿಯನ್ನೂ ಇದೇ ರೀತಿ ಕಲಕಬೇಕು, ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ. ಆರನ್ನೂ ಒಟ್ಟಿಗೆ ಮಾಡಲು ಕೈಗಳು ಸಾಲುವುದಿಲ್ಲ, ಹತ್ತು ನಿಮಿಷಕ್ಕೊಂದರಂತೆ ಶುರುಮಾಡಿ, ಪ್ರತಿಯೊಂದನ್ನೂ ಅದರದರ ಅರವತ್ತನೇ ನಿಮಿಷಕ್ಕೆ ಅಳೆಯಲಿ.

ಅಳೆಯಲು ಬಾಟಲಿಯನ್ನು ಎತ್ತಿ ಸುರಿದರೆ ತಳದ ಕೆಸರು ಎದ್ದುಬಿಡುತ್ತದೆ. ಪೈಪಿಗೆ ನೀರು ತುಂಬಿ, ಎರಡೂ ತುದಿಗೆ ಬೆರಳಿಟ್ಟು, ಒಂದು ತುದಿಯನ್ನು ಬಾಟಲಿಯ ಮೇಲರ್ಧದಲ್ಲಿ ಇಳಿಬಿಟ್ಟು ಜಾಡಿಗೆ ಹರಿಸಬೇಕು. ಬಾಯಿಯಿಂದ ಎಳೆಯುವುದು ಬೇಡ.

ಅವಳ ನೋಟ್‌ಪುಸ್ತಕದ ಪುಟ ಹೇಗಿರಬಹುದು ಎಂಬುದಕ್ಕೆ ನಾನು ಬರೆದ ಮಾದರಿ ಇದು. ನಿಮ್ಮ ನೀರಿಗೆ ಅಂಕಿಗಳು ಬೇರೆಯೇ ಬರುತ್ತವೆ, ಆದ್ದರಿಂದ ಇವನ್ನು ನಕಲು ಮಾಡಿದರೆ ತೀರ್ಪುಗಾರರ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತಾಳೆ.

| ಲೀಟರಿಗೆ ಬೀಜ (ಮಿ.ಗ್ರಾಂ) | ಗುರುತು ಕಾಣುವ ಎತ್ತರ (ಸೆಂ.ಮೀ.) |
|---|---|
| 0 | 6 |
| 25 | 8 |
| 50 | 14 |
| 100 | 27 |
| 200 | 22 |
| 400 | 13 |

ಇಲ್ಲಿ ಏರಿಕೆ 100ರ ಹತ್ತಿರ ನಿಂತು ಇಳಿಕೆ ಶುರುವಾಗಿದೆ. ಹಾಗಾಗಿ ಮೂರನೇ ವಾರ 75, 100, 125, 150 ಮಿಲಿಗ್ರಾಂಗಳನ್ನು ಮಾತ್ರ ತೆಗೆದುಕೊಂಡು, ಪ್ರತಿಯೊಂದನ್ನೂ ಮೂರು ಸಲ, ಪ್ರತಿ ಸಲವೂ ಹೊಸ ದ್ರಾವಣದಿಂದ ಮಾಡಲಿ. ಮೂರು ಅಳತೆ 26, 28, 27 ಎಂದು ಬಂದರೆ ಸರಾಸರಿ ತೆಗೆಯಬಹುದು. 27, 15, 29 ಎಂದು ಬಂದರೆ ಸರಾಸರಿ ತೆಗೆಯುವುದಲ್ಲ, ನಡುವಿನದು ಏಕೆ ಕೆಟ್ಟಿತು ಎಂದು ಹುಡುಕಬೇಕು. ಹೆಚ್ಚಿನ ಸಲ ಪೈಪಿನ ತುದಿ ಕೆಸರಿಗೆ ತಗುಲಿರುತ್ತದೆ. ಜಾಡಿ ತುಂಬಿದರೂ ಗುರುತು ಕಾಣುತ್ತಲೇ ಇದ್ದರೆ "ಜಾಡಿಯ ಅಳತೆ ಮೀರಿದೆ" ಎಂದೇ ಬರೆಯಲಿ, ಮತ್ತು ಅಂಥ ಬಾಟಲಿಗಳನ್ನು ಇಪ್ಪತ್ತನೇ ನಿಮಿಷಕ್ಕೆ ಅಳೆದು ಹೋಲಿಸಲಿ. ಇದೇ ವಾರ ಒಂದು ಬಾಟಲಿಗೆ ಬೀಜದ ಬದಲು ಪಟಿಕ ಹಾಕಿ ನೋಡುವುದು ಒಳ್ಳೆಯದು. ಅದಕ್ಕೂ ಹಾಗೆಯೇ 100 ಮಿಲಿಲೀಟರಿಗೆ 1 ಗ್ರಾಂ ದ್ರಾವಣ.

ನಾಲ್ಕನೇ ವಾರಕ್ಕೆ ಗ್ರಾಫ್, ಫೋಟೋ, ಫಲಕ. ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಫಲಕ ಚಂದ ಮಾಡುವುದನ್ನು ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. ಥರ್ಮಾಕೋಲ್ ಬಿಟ್ಟುಬಿಡಿ, ಅಷ್ಟೇ. ಪ್ರದರ್ಶನದ ದಿನ ತೀರ್ಪುಗಾರರು ಬರುವ ಒಂದು ಗಂಟೆ ಮೊದಲೇ ಒಂದು ಜೊತೆ ಬಾಟಲಿ ಸಿದ್ಧವಾಗಿರಲಿ, ಅವರ ಎದುರಿಗೆ ಇನ್ನೊಂದನ್ನು ಕಲಕಲು ಶುರುಮಾಡಲಿ. ಎಸಳುಗಳು ಕಟ್ಟಿಕೊಳ್ಳುವುದನ್ನು ಅವರು ನಿಂತು ನೋಡಬಹುದು, ತಿಳಿಯಾಗುವುದಕ್ಕೆ ಕಾಯಲಾರರು.

ಮೇಜಿನ ಮೇಲೆ "ಇದು ಕುಡಿಯುವ ನೀರಲ್ಲ" ಎಂಬ ಚೀಟಿ ಇರಲೇಬೇಕು. ಕೆಸರಿನ ಜೊತೆ ಬ್ಯಾಕ್ಟೀರಿಯಾಗಳಲ್ಲಿ ಬಹಳಷ್ಟು ಕೆಳಗಿಳಿಯುತ್ತವೆ, ಎಲ್ಲವೂ ಅಲ್ಲ. ಕರಗಿದ ಲವಣ, ಫ್ಲೋರೈಡ್‌ಗಳಿಗೆ ಇದು ಪರಿಹಾರವೂ ಅಲ್ಲ. "ಹಾಗಾದರೆ ಊರಿನ ನೀರಿಗೆಲ್ಲ ಇದನ್ನೇ ಏಕೆ ಬಳಸುವುದಿಲ್ಲ?" ಎಂದು ತೀರ್ಪುಗಾರರು ಖಂಡಿತ ಕೇಳುತ್ತಾರೆ. ಉತ್ತರವನ್ನು ಮಗಳು ಮೊದಲೇ ಕಂಡಿರಲಿ: ಬೀಜ ಹಾಕಿದ ಒಂದು ಬಾಟಲಿಯನ್ನು ಎರಡು ಮೂರು ದಿನ ಹಾಗೇ ಬಿಟ್ಟು ಮೂಸಿ ನೋಡಲಿ. ಕೆಲಸಕ್ಕೆ ಬಾರದೆ ಉಳಿದ ಬೀಜದ ಅಂಶ ನೀರಿನಲ್ಲೇ ಕೊಳೆಯತೊಡಗಿರುತ್ತದೆ. ಸಂಗ್ರಹಿಸಿ, ಕ್ಲೋರಿನ್ ಹಾಕಿ, ಪೈಪಿನಲ್ಲಿ ಹರಿಸುವ ನೀರಿಗೆ ಇದು ತೊಂದರೆ. ಪಟಿಕ ಹಾಕಿದ ಬಾಟಲಿಯನ್ನೂ ಪಕ್ಕದಲ್ಲಿಟ್ಟರೆ ವ್ಯತ್ಯಾಸ ಮೂಗಿಗೇ ತಿಳಿಯುತ್ತದೆ.

ಕೊನೆಗೆ ಬಿಂದಿಗೆಯ ಲೆಕ್ಕ. ಹದಿನೈದು ಲೀಟರಿನ ಬಿಂದಿಗೆಗೆ, ಮೇಲಿನ ಮಾದರಿಯಂತೆ ಲೀಟರಿಗೆ 100 ಮಿಲಿಗ್ರಾಂ ಎಂದರೆ 1.5 ಗ್ರಾಂ, ಅಂದರೆ ಏಳೆಂಟು ಬೀಜದ ತಿರುಳು. ನಿಮ್ಮ ಕೆರೆಯ ನೀರಿಗೆ ಅದು ನಾಲ್ಕೋ ಹದಿನೈದೋ ಆಗಬಹುದು. ಆ ಸಂಖ್ಯೆಯನ್ನು ಫಲಕದ ಮೇಲೆ ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ, ನೀರು ತಂದ ಕೆರೆಯ ಹೆಸರು ಮತ್ತು ತಾರೀಖಿನ ಸಮೇತ ಬರೆಯಲು ಮಗಳಿಗೆ ಹೇಳಿ.